ಪೆಟ್ ಸ್ಕ್ಯಾನ್: ಡೋಸ್ ಅರ್ಧಕ್ಕೆ ಇಳಿದಾಗ ಮಾಡಿದ್ದು

ಪುಣೆಯಲ್ಲಿ ರಾತ್ರಿ ಪಾಳಿ. ಪೆಟ್ ಸ್ಕ್ಯಾನ್‌ಗೆ ಮೊದಲು ಚುಚ್ಚುವ ವಿಕಿರಣಶೀಲ ಸಕ್ಕರೆ ಎಫ್‌ಡಿಜಿ. ಹತ್ತು ಗಂಟೆಗೆ ಅದರ ಕೊನೆಯ ಡೋಸ್ 8 ಮಿಲಿಕ್ಯೂರಿ ಇತ್ತು. ವಿಜಯಪುರದಿಂದ ಬಂದ ಅಜ್ಜಿಯ ರಕ್ತದ ಸಕ್ಕರೆ 240. "ತಮ್ಮಾ, ಒಂದ್ ಕಪ್ ಚಾ ಅಷ್ಟ ಕುಡದೀನಿ" ಅಂದರು.

ಹಾಗೇ ಚುಚ್ಚಿದರೆ ಗಡ್ಡೆ ಮಸುಕಾಗಿ ಕಾಣುತ್ತದೆ. ಇನ್ಸುಲಿನ್ ಕೊಟ್ಟ ಕೂಡಲೇ ಚುಚ್ಚಿದರೆ ಡೋಸ್ ಸ್ನಾಯುಗಳಿಗೆ ಹೋಗುತ್ತದೆ. ಹಿಂದೊಮ್ಮೆ ಹಾಗೇ ಚಿತ್ರ ಕೆಟ್ಟಿತ್ತು. ನೀರು ಕುಡಿಸುತ್ತಾ ಕಾದೆವು. ಸಕ್ಕರೆ 180ಕ್ಕೆ ಬಂದಾಗ 11:50. ಎಫ್‌ಡಿಜಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಉಳಿದದ್ದು 4.

ಡಾಕ್ಟರ್ ಒಪ್ಪಿದ ಮೇಲೆ ಅದನ್ನೇ ಕೊಟ್ಟೆ. ಮೊದಲು ತುಂಬಿದ ಸಿರಿಂಜ್ ಅಳೆದೆ, ಚುಚ್ಚಿದ ಮೇಲೆ ಖಾಲಿ ಸಿರಿಂಜ್ ಅಳೆದೆ. ಎರಡೂ ಅಳತೆ, ಸಮಯದ ಜೊತೆ, ಸ್ಕ್ಯಾನರ್‌ಗೆ ಹಾಕಿದೆ. ಚೀಟಿಯ ಮೇಲಿನ 8 ಹಾಕಿದರೆ ಗಡ್ಡೆ ಎಷ್ಟು ಎಫ್‌ಡಿಜಿ ಹೀರಿದೆ ಎಂದು ಹೇಳುವ ಅಂಕಿ, ಎಸ್‌ಯುವಿ, ಸುಮಾರು ಅರ್ಧ ತೋರಿಸುತ್ತದೆ. 60 ನಿಮಿಷ ಮಲಗಿಸಿ, ಪ್ರತಿ ಬೆಡ್‌ಗೆ, ಅಂದರೆ ಒಂದು ಸಲಕ್ಕೆ ಸ್ಕ್ಯಾನ್ ಆಗುವ ಮೈಯ ಭಾಗಕ್ಕೆ, 2 ನಿಮಿಷದ ಬದಲು 4 ಇಟ್ಟೆ. ಅರ್ಧ ಡೋಸ್, ದುಪ್ಪಟ್ಟು ಸಮಯ. ಸ್ಕ್ಯಾನರ್ ಹಿಡಿಯುವ ಕಿರಣಗಳ ಎಣಿಕೆ ಹೆಚ್ಚುಕಡಿಮೆ ಅಷ್ಟೇ. ಚಿತ್ರ ಸ್ಪಷ್ಟವಾಗಿ ಬಂತು.