ಸಮುದ್ರಕ್ಕೆ ಬೀಗ ಹಾಕುವುದು ಹೇಗೆ? ಬ್ರಿಟನ್ ಜರ್ಮನಿಯನ್ನು ಹಸಿವಿಗೆ ದೂಡಿದ ಬಗೆ

ನೌಕಾ ದಿಗ್ಬಂಧನ ಅಂದರೆ ಶತ್ರುವಿನ ಬಂದರಿನ ಎದುರಿಗೇ ಯುದ್ಧನೌಕೆಗಳನ್ನು ನಿಲ್ಲಿಸುವುದು ಅಂತ ಅನಿಸುತ್ತದೆ, ಅಲ್ವಾ? 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟನ್ ಹಾಗೆ ಮಾಡಲಿಲ್ಲ. ಮೈನ್ ಮತ್ತು ಟಾರ್ಪಿಡೊಗಳ ಕಾಲದಲ್ಲಿ ಜರ್ಮನ್ ಕರಾವಳಿಯ ಹತ್ತಿರ ನಿಂತರೆ ಮುಳುಗುವುದು ತಮ್ಮ ಹಡಗೇ.

ಮೊದಲು ಮಾಡಬೇಕಾದದ್ದು, ದೂರದಲ್ಲೇ ನಿಂತು ದಾರಿ ಕಟ್ಟುವುದು. ಉತ್ತರ ಸಮುದ್ರದಿಂದ ಅಟ್ಲಾಂಟಿಕ್‌ಗೆ ಇರುವುದು ಎರಡೇ ಬಾಗಿಲು. ದಕ್ಷಿಣದ ಡೋವರ್ ಜಲಸಂಧಿ ಕಿರಿದು, ಅಲ್ಲಿ ಮೈನ್ ಬಿತ್ತಿದರು. ಉತ್ತರದಲ್ಲಿ ಸ್ಕಾಟ್ಲೆಂಡಿನಾಚೆ ಅಗಲವಾದ ನೀರು, ಅಲ್ಲಿ ಗಸ್ತು ಹಾಕಿದರು. ಗಸ್ತಿಗೆ ಹೋದವು ಹೆಚ್ಚಾಗಿ ಫಿರಂಗಿ ಕೂರಿಸಿಕೊಂಡ ಪ್ರಯಾಣಿಕರ ಹಡಗುಗಳು. ಮುಖ್ಯ ನೌಕಾಪಡೆ ಸ್ಕಾಟ್ಲೆಂಡಿನ ಉತ್ತರ ತುದಿಯಾಚೆಯ ಸ್ಕಾಪಾ ಫ್ಲೋ ನೆಲೆಯಲ್ಲಿ ಲಂಗರು ಹಾಕಿ ಕೂತಿತ್ತು. ಜರ್ಮನ್ ನೌಕಾಪಡೆ ಹೊರಬಂದು ಗಸ್ತನ್ನು ಚದುರಿಸದಂತೆ ತಡೆಯುವುದು ಅದರ ಕೆಲಸ.

ಆಮೇಲೆ ತಪಾಸಣೆ. ಹಡಗು ನಿಲ್ಲಿಸಿ ಕಾಗದಪತ್ರ ನೋಡುವುದು, ಅನುಮಾನ ಬಂದರೆ ಸ್ಕಾಟ್ಲೆಂಡಿನ ಕರ್ಕ್‌ವಾಲ್ ಬಂದರಿಗೆ ಕರೆದೊಯ್ಯುವುದು. ಮೊದಮೊದಲು ನಿಷೇಧಿತ ಸರಕಿನ ಪಟ್ಟಿ ಇತ್ತು. 1915ರ ಮಾರ್ಚ್‌ನಿಂದ ಜರ್ಮನಿಗೆ ಹೋಗುವ, ಅಲ್ಲಿಂದ ಬರುವ ಎಲ್ಲ ಸರಕನ್ನೂ ತಡೆದರು.

ನಿಜವಾದ ತಲೆನೋವು ಇದ್ದದ್ದು ಪಕ್ಕದ ತಟಸ್ಥ ದೇಶಗಳಲ್ಲಿ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ಗೆ ಅಂತ ಹೊರಟ ಧಾನ್ಯ ಅಲ್ಲಿ ಇಳಿದು ರೈನ್ ನದಿಯಲ್ಲಿ ಜರ್ಮನಿ ಸೇರಬಹುದು. ಕಾಗದ ನೋಡಿದರೆ ಎಲ್ಲ ಸರಿಯಾಗೇ ಇರುತ್ತದೆ. ಇದನ್ನು ಹಿಡಿದದ್ದು ಗುಮಾಸ್ತರು. ಯುದ್ಧಕ್ಕೆ ಮುಂಚೆ ಆ ದೇಶ ಎಷ್ಟು ಆಮದು ಮಾಡುತ್ತಿತ್ತು, ಈಗ ಎಷ್ಟು ತರಿಸುತ್ತಿದೆ ಎಂದು ತಾಳೆ ನೋಡಿದರು. ಕೊಬ್ಬೋ ಹತ್ತಿಯೋ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಆ ಹೆಚ್ಚುವರಿ ಜರ್ಮನಿಗೆ ಎಂದೇ ಅರ್ಥ. ಕ್ರಮೇಣ ಒಂದೊಂದು ದೇಶಕ್ಕೂ ಮಿತಿ ಕಟ್ಟಿದರು. ಡಚ್ ವರ್ತಕರಂತೂ ತಾವೇ ಒಂದು ಟ್ರಸ್ಟ್ ಮಾಡಿ, ಸರಕು ಜರ್ಮನಿಗೆ ದಾಟಿಸುವುದಿಲ್ಲ ಎಂದು ಖಾತರಿ ಕೊಟ್ಟರು. ಮಾತು ಕೇಳದ ಹಡಗಿಗೆ ಬ್ರಿಟನ್ನಿನ ಬಂದರುಗಳಲ್ಲಿ ಕಲ್ಲಿದ್ದಲು ಸಿಗುತ್ತಿರಲಿಲ್ಲ. ಕಲ್ಲಿದ್ದಲಿಲ್ಲದೆ ಸ್ಟೀಮರ್ ಎಲ್ಲಿಗೆ ಹೋದೀತು?

ಪೆಟ್ಟು ನೇರವಾಗಿ ಊಟದ ತಟ್ಟೆಗೆ ಬೀಳಲಿಲ್ಲ, ಹೊಲದ ಮೂಲಕ ಬಂತು. ಗೊಬ್ಬರಕ್ಕೂ ಮದ್ದುಗುಂಡಿಗೂ ಬೇಕಾಗಿದ್ದ ಚಿಲಿಯ ನೈಟ್ರೇಟ್ ಬರುವುದು ನಿಂತಿತು. ಕಾರ್ಖಾನೆಯಲ್ಲಿ ತಯಾರಾದ ಸಾರಜನಕಕ್ಕೆ ಮೊದಲ ಹಕ್ಕು ಮದ್ದುಗುಂಡಿನದು, ಗೊಬ್ಬರಕ್ಕೆ ಉಳಿದದ್ದು ಕಡಿಮೆ. ಆಳುಗಳೂ ಕುದುರೆಗಳೂ ಸೈನ್ಯಕ್ಕೆ ಹೋಗಿದ್ದವು. 1915ರ ಆರಂಭದಲ್ಲೇ ಬ್ರೆಡ್‌ಗೆ ರೇಷನ್ ಬಂತು. 1916ರಲ್ಲಿ ಆಲೂಗಡ್ಡೆ ಬೆಳೆಯೂ ಕೈಕೊಟ್ಟಾಗ ಜನ ದನಗಳಿಗೆ ಹಾಕುತ್ತಿದ್ದ ಟರ್ನಿಪ್ ಗೆಡ್ಡೆ ತಿಂದು ಚಳಿಗಾಲ ಕಳೆದರು.

ಅದೇ ವರ್ಷ ಮೇ 31ರಂದು ಡೆನ್ಮಾರ್ಕ್ ಕರಾವಳಿಯಾಚೆಯ ಜಟ್‌ಲ್ಯಾಂಡ್‌ನಲ್ಲಿ ಎರಡೂ ನೌಕಾಪಡೆಗಳ ನಡುವೆ ದೊಡ್ಡ ಕಾಳಗವೊಂದು ನಡೆಯಿತು. ಹಡಗು ಹೆಚ್ಚು ಕಳೆದುಕೊಂಡದ್ದು ಬ್ರಿಟನ್. ಆದರೂ ಗಸ್ತು ನಿಲ್ಲಲಿಲ್ಲ, ದಿಗ್ಬಂಧನ ಸಡಿಲವಾಗಲಿಲ್ಲ.

ಇದರ ಮಿತಿಗಳೂ ಸಣ್ಣವಲ್ಲ. ಬಾಲ್ಟಿಕ್ ಸಮುದ್ರ ಜರ್ಮನಿಯ ಹಿಡಿತದಲ್ಲಿತ್ತು, ಸ್ವೀಡನ್ನಿನ ಕಬ್ಬಿಣದ ಅದಿರು ಕೊನೆಯವರೆಗೂ ಬರುತ್ತಿತ್ತು. ಫಲ ಕಾಣಲು ವರ್ಷಗಳೇ ಬೇಕಾದವು. ಅಷ್ಟರಲ್ಲಿ ಸೈನಿಕರಿಗಿಂತ ಮೊದಲು ಸೊರಗಿದವರು ಪಟ್ಟಣಗಳ ಬಡವರು, ಮಕ್ಕಳು, ಮುದುಕರು. 1918ರ ನವೆಂಬರ್‌ನಲ್ಲಿ ಕದನವಿರಾಮ ಆದ ಮೇಲೂ ಬ್ರಿಟನ್ ಮತ್ತು ಮಿತ್ರರು ದಿಗ್ಬಂಧನ ಬಿಡಲಿಲ್ಲ. ಶಾಂತಿ ಒಪ್ಪಂದಕ್ಕೆ ಜರ್ಮನಿ ಸಹಿ ಹಾಕಿದ ಮೇಲೆ, 1919ರ ಜುಲೈನಲ್ಲಿ ಅದನ್ನು ತೆಗೆದರು.