ನಡಿಗೆ ಶುರುವಾಗುವ ಮುಂಚೆಯೇ ಇಳಿದ ಬಿಪಿ: ನಾನು ಬರೆದ ಒಂದು ರಿವ್ಯೂ ಪತ್ರ

ಜರ್ನಲ್‌ನಲ್ಲಿ ಪ್ರಕಟವಾಗುವ ಮುಂಚೆ ಪರಿಶೀಲಿಸಿ ಹೇಳಿ ಎಂದು ರಿವ್ಯೂಗೆ ಬಂದ ಸಂಶೋಧನಾ ಪೇಪರ್ ಬಗ್ಗೆ ಹೊರಗೆ ಮಾತಾಡುವಂತಿಲ್ಲ. ಹಾಗಾಗಿ ಇಲ್ಲಿ ವಿಷಯವನ್ನೂ ಅಂಕಿಗಳನ್ನೂ ಬದಲಾಯಿಸಿ ಬರೆಯುತ್ತಿದ್ದೇನೆ, ತಪ್ಪು ಮಾತ್ರ ಅದೇ.

ಬಿಪಿ ಜಾಸ್ತಿ ಇದ್ದ 40 ಜನರನ್ನು ಆರಿಸಿ, 12 ವಾರ ದಿನಾ ಅರ್ಧ ಗಂಟೆ ಬಿರುಸಾಗಿ ನಡೆಸಿದ್ದರು. ಮೇಲಿನ ಬಿಪಿ ಮೊದಲು ಸರಾಸರಿ 152 ಇತ್ತು, ಕೊನೆಗೆ 143 ಆಯಿತು. ತೀರ್ಮಾನದಲ್ಲಿ ಹೀಗಿತ್ತು: "ನಡಿಗೆಯಿಂದ ಬಿಪಿ 9 ಅಂಕ ಇಳಿಯುತ್ತದೆ, ಹೃದಯಾಘಾತವನ್ನು ತಡೆಯಬಹುದು." ಇದು ಇವರ ಮೊದಲ ಪೇಪರ್ ಎಂದು ಎಡಿಟರ್ ತಿಳಿಸಿದ್ದರು.

ನಾನು ಯಾವಾಗಲೂ ತೀರ್ಮಾನದ ಕ್ರಿಯಾಪದಗಳಿಗೆ ಮೊದಲು ಗೆರೆ ಎಳೆಯುತ್ತೇನೆ. "ಇಳಿಯುತ್ತದೆ", "ತಡೆಯಬಹುದು". ಆಮೇಲೆ ಟೇಬಲ್‌ಗಳಿಗೆ ಹೋಗಿ, ಈ ಮಾತು ಹೇಳಲು ಏನನ್ನು ಅಳೆದಿದ್ದಾರೆ ಎಂದು ಹುಡುಕುತ್ತೇನೆ. ಹೃದಯಾಘಾತದ ಮಾತು ಬೇಗ ಮುಗಿಯಿತು, ಯಾಕೆಂದರೆ ಅದನ್ನು ಎಲ್ಲೂ ಎಣಿಸಿಯೇ ಇರಲಿಲ್ಲ. ಮೊದಲನೆಯದಕ್ಕೆ ಎರಡು ಸಂಜೆ ಹಿಡಿಯಿತು.

ಈ 40 ಜನರನ್ನು ಆರಿಸಿದ್ದು ಒಂದು ದಿನದ ಒಂದೇ ರೀಡಿಂಗ್ ನೋಡಿ. 140 ದಾಟಿದವರು ಒಳಗೆ, ಉಳಿದವರು ಹೊರಗೆ. ಆದರೆ ಬಿಪಿ ದಿನದಿಂದ ದಿನಕ್ಕೆ ಏರಿಳಿಯುತ್ತೆ. ಹಾಗೆ ಆರಿಸಿದಾಗ, ಅವತ್ತು ಮಾತ್ರ ಜಾಸ್ತಿ ಇದ್ದವರೂ ಒಳಗೆ ಬಂದುಬಿಡುತ್ತಾರೆ. ಮುಂದಿನ ವಾರ ಸುಮ್ನೆ ಮತ್ತೊಮ್ಮೆ ಅಳೆದರೂ ಗುಂಪಿನ ಸರಾಸರಿ ಕೆಳಗೆ ಬರುತ್ತೆ, ಯಾವ ಚಿಕಿತ್ಸೆಯೂ ಇಲ್ಲದೆ. ಇದನ್ನೇ ರಿಗ್ರೆಷನ್ ಟು ದ ಮೀನ್ ಅನ್ನುವುದು. ತಂದೆತಾಯಿ ಮತ್ತು ಮಕ್ಕಳ ಎತ್ತರ ಹೋಲಿಸುವಾಗ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ಇದನ್ನು ಬರೆದಿಟ್ಟಿದ್ದಾರೆ.

ಇಷ್ಟು ಬರೆದು ಕಳಿಸಬಹುದಿತ್ತು. ಆದರೆ "ಹೀಗೂ ಆಗಿರಬಹುದು" ಅಂದರೆ ಹೊಸಬರಿಗೆ ಅದು ಬರೀ ತಕರಾರಿನಂತೆ ಕೇಳಿಸುತ್ತೆ, ಅಲ್ವಾ? ಅವರದೇ ಡೇಟಾದಲ್ಲಿ ತೋರಿಸಬೇಕು. ಸಪ್ಲಿಮೆಂಟರಿ ಫೈಲ್ ತೆರೆದೆ. ಅಲ್ಲಿ ಪ್ರತಿಯೊಬ್ಬರಿಗೂ ಮೂರು ರೀಡಿಂಗ್ ಇದ್ದವು: ಆಯ್ಕೆಯ ದಿನದ್ದು, ಒಂದು ವಾರ ಬಿಟ್ಟು ನಡಿಗೆ ಶುರುವಾಗುವ ಬೆಳಿಗ್ಗೆಯದ್ದು, ಕೊನೆಯದ್ದು. ಲೇಖಕರು ಹೋಲಿಸಿದ್ದು ಮೊದಲನೆಯದನ್ನು ಮತ್ತು ಕೊನೆಯದನ್ನು. ನಡುವಿನ ಕಾಲಮ್ಮಿನ ಸರಾಸರಿ ತೆಗೆದರೆ 146. ಅಂದರೆ 9ರಲ್ಲಿ 6 ಅಂಕ, ಒಬ್ಬರೂ ಒಂದು ಹೆಜ್ಜೆ ನಡೆಯುವ ಮುಂಚೆಯೇ ಇಳಿದಿತ್ತು.

ಉಳಿದದ್ದು 3 ಅಂಕ. ಆ ಇಳಿಕೆ ಒಬ್ಬರಿಂದ ಒಬ್ಬರಿಗೆ ಎಷ್ಟು ಹೆಚ್ಚುಕಮ್ಮಿ ಆಗುತ್ತೆ ಅನ್ನುವ ಅಳತೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಸುಮಾರು 12. ಅದನ್ನು 40ರ ವರ್ಗಮೂಲದಿಂದ ಭಾಗಿಸಿದರೆ 1.9 ಬರುತ್ತೆ. ಅದರ ಸುಮಾರು ಎರಡರಷ್ಟನ್ನು ಆ 3ರ ಎರಡೂ ಕಡೆ ಇಟ್ಟರೆ, ನಿಜವಾದ ಸರಾಸರಿ ಬದಲಾವಣೆ ಎಲ್ಲಿರಬಹುದು ಎಂದು ಅಂದಾಜಿಸುವ 95% ಕಾನ್ಫಿಡೆನ್ಸ್ ಇಂಟರ್ವಲ್ ಸುಮಾರು 7 ಅಂಕ ಇಳಿಕೆಯಿಂದ 1 ಅಂಕ ಏರಿಕೆಯವರೆಗೆ ಹರಡುತ್ತೆ. ಅಂದರೆ ಇಳಿಕೆಯೇ ಇಲ್ಲದಿರಲೂಬಹುದು. ಆ 3 ಅಂಕವೂ ನಡಿಗೆಯದ್ದೇ ಅನ್ನಲು ನಡೆಯದ ಒಂದು ಗುಂಪು ಬೇಕಿತ್ತು, ಯಾಕೆಂದರೆ ಈ 12 ವಾರದಲ್ಲಿ ಯಾರು ಉಪ್ಪು ಕಡಿಮೆ ಮಾಡಿದರು, ಯಾರ ಮಾತ್ರೆ ಬದಲಾಯಿತು ಅನ್ನುವುದು ಪೇಪರಿನಲ್ಲಿ ಇರಲಿಲ್ಲ.

ಪತ್ರದ ಮೊದಲ ಕರಡಿನಲ್ಲಿ "ಈ ತೀರ್ಮಾನಕ್ಕೆ ಆಧಾರವಿಲ್ಲ" ಅಂತ ಬರೆದಿದ್ದೆ. ಮಾತು ಸುಳ್ಳಲ್ಲ, ಆದರೆ ಓದಿದವರಿಗೆ ಮುಂದೆ ಏನು ಮಾಡಬೇಕು ಅಂತ ಗೊತ್ತಾಗಲ್ಲ. ಅಳಿಸಿ ಹೀಗೆ ಬರೆದೆ:

"ಮೂರೂ ರೀಡಿಂಗ್‌ಗಳನ್ನು ಮುಚ್ಚಿಡದೆ ಕೊಟ್ಟಿದ್ದೀರಿ, ಅದರಿಂದಲೇ ಈ ಲೆಕ್ಕ ಮಾಡಲು ಸಾಧ್ಯವಾಯಿತು. ಎರಡನೇ ರೀಡಿಂಗನ್ನು ಆರಂಭ ಎಂದು ಇಟ್ಟುಕೊಂಡು ಟೇಬಲ್ 2 ಅನ್ನು ದಯವಿಟ್ಟು ಮತ್ತೆ ಮಾಡಿ ನೋಡಿ. ನಡಿಗೆಯಿಂದ ಪ್ರಯೋಜನ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದೆಯೋ ಇಲ್ಲವೋ ಎಂದು ಈ ಅಧ್ಯಯನದ ವಿನ್ಯಾಸ ಹೇಳಲಾರದು, ಅಷ್ಟೇ. ತೀರ್ಮಾನವನ್ನು ಹೀಗೆ ಬರೆಯಬಹುದು: '12 ವಾರದ ನಡಿಗೆಯ ನಂತರ ಸರಾಸರಿ ಬಿಪಿ 3 ಅಂಕ ಕಡಿಮೆ ಇತ್ತು. ಹೋಲಿಕೆಯ ಗುಂಪು ಇಲ್ಲದ ಕಾರಣ ಇದು ನಡಿಗೆಯಿಂದಲೇ ಆಯಿತು ಎನ್ನಲಾಗದು.' 40ರಲ್ಲಿ 37 ಜನ ಕೊನೆಯವರೆಗೂ ತಪ್ಪದೆ ನಡೆದಿದ್ದಾರೆ. ಮುಂದೆ ಕಂಟ್ರೋಲ್ ಗುಂಪು ಇಟ್ಟು ದೊಡ್ಡದಾಗಿ ಮಾಡುವವರಿಗೆ ಬೇಕಾದ ಮಾಹಿತಿ ಇದು, ಆದರೆ ನೀವು ಇದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಇದಕ್ಕೆ ಒಂದು ಪ್ಯಾರಾ ಕೊಡಿ."

ಒಂದು ವಾಕ್ಯವನ್ನು ಪೂರ್ತಿ ಬರೆದುಕೊಡುವುದು ಜಾಸ್ತಿಯಾಯಿತು ಎಂದು ಕೆಲವು ರಿವ್ಯೂವರ್‌ಗಳು ಅನ್ನುತ್ತಾರೆ. ನನಗೆ ಹಾಗನಿಸಲ್ಲ. "ತೀರ್ಮಾನ ಸೌಮ್ಯಗೊಳಿಸಿ" ಅಂತ ಮಾತ್ರ ಬರೆದಾಗ, ಬಹಳ ಸಲ ಒಂದು "ಬಹುಶಃ" ಸೇರಿಸಿ ಅದೇ ಮಾತನ್ನು ವಾಪಸ್ ಕಳಿಸಿದ್ದನ್ನು ನೋಡಿದ್ದೇನೆ. ಎಡಿಟರಿಗೆ ಬೇರೆಯಾಗಿ, ಡೇಟಾ ನಂಬುವಂಥದ್ದು, ಮೇಜರ್ ರಿವಿಷನ್ ಕೊಡಿ, ತಿರಸ್ಕರಿಸಬೇಡಿ ಎಂದು ಬರೆದೆ.

ಎರಡು ತಿಂಗಳಾದ ಮೇಲೆ ಪೇಪರ್ ಮತ್ತೆ ಬಂತು. ಟೇಬಲ್ 2ರಲ್ಲಿ ಮೂರೂ ಕಾಲಮ್ ಇದ್ದವು, ಹೃದಯಾಘಾತದ ಮಾತು ಹೋಗಿತ್ತು. ಶೀರ್ಷಿಕೆಯಲ್ಲಿ ಮಾತ್ರ "ನಡಿಗೆಯ ಪರಿಣಾಮ" ಹಾಗೇ ಉಳಿದಿತ್ತು. ಅದನ್ನು "ನಡಿಗೆ ಕಾರ್ಯಕ್ರಮದ ಮೊದಲು ಮತ್ತು ನಂತರದ ಬಿಪಿ" ಎಂದು ಮಾಡಿ ಅಂತ ಒಂದೇ ಸಾಲು ಬರೆದು ಕಳಿಸಿದೆ.