ಕಾಣೆಯಾದ ಒಂದು ಋಣ ಚಿಹ್ನೆಯೂ ಕನಿಷ್ಠ ಬಹುಪದೋಕ್ತಿಯೂ

ಸ್ನಾತಕೋತ್ತರ ತರಗತಿಗೆ ರೇಖೀಯ ಬೀಜಗಣಿತ ಪಾಠ ಮಾಡುತ್ತಿದ್ದ ಆರಂಭದ ವರ್ಷಗಳಲ್ಲಿ, ಕಿರುಪರೀಕ್ಷೆಗೆಂದು ನಾನೊಂದು ಲೆಕ್ಕ ಸಿದ್ಧಪಡಿಸಿದ್ದೆ. ಐಗನ್ ಮೌಲ್ಯ ಪುನರಾವರ್ತನೆಯಾಗಿದ್ದರೂ ಕರ್ಣೀಕರಣ ಸಾಧ್ಯವಾಗುವ ಮಾತೃಕೆಯೊಂದು ನನಗೆ ಬೇಕಾಗಿತ್ತು. ಆದ್ದರಿಂದ ಮೊದಲೇ ಐಗನ್ ಸದಿಶಗಳನ್ನು ಆರಿಸಿಕೊಂಡು, 2 ಎಂಬ ಮೌಲ್ಯಕ್ಕೆ (1, −1, 0) ಮತ್ತು (0, 0, 1) ಎಂಬ ಎರಡನ್ನೂ 5 ಎಂಬ ಮೌಲ್ಯಕ್ಕೆ (1, 2, −1) ಎಂಬುದನ್ನೂ ಇಟ್ಟು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಮಾತೃಕೆಯನ್ನು ಕಟ್ಟಿದೆ. ಅದು ಹೀಗಿತ್ತು:

```
A =  3   1   0
     2   4   0
    -1  -1   2
```

ಬೆರಳಚ್ಚಾಗಿ ಬಂದ ಪ್ರತಿಯಲ್ಲಿ ಮೂರನೆಯ ಅಡ್ಡಸಾಲಿನ ಮೊದಲ ಋಣ ಚಿಹ್ನೆ ಬಿಟ್ಟುಹೋಗಿತ್ತು. ವಿದ್ಯಾರ್ಥಿಗಳ ಕೈಗೆ ಹೋದದ್ದು ಈ ಮಾತೃಕೆ:

```
B =  3   1   0
     2   4   0
     1  -1   2
```

ಅರ್ಧ ಗಂಟೆಯ ಬಳಿಕ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಮೂರನೆಯ ಐಗನ್ ಸದಿಶ ಸಿಗುತ್ತಿಲ್ಲ” ಎಂದಳು. ನಾನು ಅವಳ ಪ್ರಶ್ನೆಪತ್ರಿಕೆಯನ್ನೇ ತೆಗೆದುಕೊಂಡು ಕರಿಹಲಗೆಯ ಮೂಲೆಯಲ್ಲಿ ಲಾಕ್ಷಣಿಕ ಬಹುಪದೋಕ್ತಿಯನ್ನು ಲೆಕ್ಕ ಹಾಕಿದೆ. (x − 2)²(x − 5) ಎಂದು ಬಂತು. ನನ್ನ ಟಿಪ್ಪಣಿಯಲ್ಲಿದ್ದದ್ದೂ ಅದೇ. “ಪ್ರಶ್ನೆ ಸರಿಯಾಗಿಯೇ ಇದೆ, ಇನ್ನೊಮ್ಮೆ ನೋಡಮ್ಮ” ಎಂದು ಹೇಳಿ ಕೂರಿಸಿದೆ. ಸಂಜೆ ಉತ್ತರಪತ್ರಿಕೆ ತಿದ್ದುವಾಗಲಷ್ಟೇ ಅವಳು ಹೇಳಿದ್ದೇ ಸರಿ ಎಂದು ತಿಳಿಯಿತು. ನಾನು ಹಿಡಿದಿದ್ದ ಅಳತೆಗೋಲಿಗೆ ಆ ತಪ್ಪನ್ನು ಗುರುತಿಸುವ ಶಕ್ತಿಯೇ ಇರಲಿಲ್ಲ.

ಏಕಿರಲಿಲ್ಲ ಎಂಬುದನ್ನು ಕಾಣುವುದು ಕಷ್ಟವಲ್ಲ. xI − A ಯ ನಿರ್ಧಾರಕವನ್ನು ಮೂರನೆಯ ಕಂಬಸಾಲಿನ ಮೂಲಕ ವಿಸ್ತರಿಸಿದರೆ, ಅಲ್ಲಿ ಮೇಲಿನ ಎರಡು ಅಂಶಗಳೂ ಸೊನ್ನೆಯಾಗಿರುವುದರಿಂದ ಉಳಿಯುವುದು (x − 2) ಮತ್ತು ಎಡಮೇಲಿನ 2×2 ಭಾಗದ ನಿರ್ಧಾರಕ ಮಾತ್ರ. ಆ ಭಾಗ (x − 3)(x − 4) − 2, ಅಂದರೆ x² − 7x + 10, ಅಂದರೆ (x − 2)(x − 5). ಮೂರನೆಯ ಅಡ್ಡಸಾಲಿನ ಮೊದಲ ಅಂಶ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಅಲ್ಲಿ −1 ಇರಲಿ, 1 ಇರಲಿ, 1000 ಇರಲಿ, ಲಾಕ್ಷಣಿಕ ಬಹುಪದೋಕ್ತಿ ಒಂದೇ.

ಆದರೆ ಕರ್ಣೀಕರಣ ಸಾಧ್ಯವೋ ಇಲ್ಲವೋ ಎಂಬುದು ನಿಂತಿರುವುದು ಆ ಒಂದು ಅಂಶದ ಮೇಲೆಯೇ. A − 2I ಎಂಬುದರ ಮೂರು ಅಡ್ಡಸಾಲುಗಳು (1, 1, 0), (2, 2, 0), (−1, −1, 0); ಮೂರೂ ಹೇಳುವುದು x + y = 0 ಎಂಬ ಒಂದೇ ನಿಬಂಧನೆಯನ್ನು. ಹಾಗಾಗಿ 2 ಎಂಬ ಮೌಲ್ಯಕ್ಕೆ ಎರಡು ಸ್ವತಂತ್ರ ಸದಿಶಗಳು ಸಿಗುತ್ತವೆ. B − 2I ನಲ್ಲಿ ಕೊನೆಯ ಸಾಲು (1, −1, 0) ಆಗಿರುವುದರಿಂದ x − y = 0 ಎಂಬ ಹೊಸ ನಿಬಂಧನೆಯೂ ಸೇರಿ, (0, 0, 1) ಒಂದೇ ಉಳಿಯುತ್ತದೆ. ಆ ಹುಡುಗಿ ಹುಡುಕುತ್ತಿದ್ದ ಸದಿಶ ಇರಲೇ ಇಲ್ಲ.

ಅಂದಿನಿಂದ ಇಂಥ ಲೆಕ್ಕಗಳನ್ನು ಪರೀಕ್ಷಿಸಲು ನಾನು ಕನಿಷ್ಠ ಬಹುಪದೋಕ್ತಿಯನ್ನು ಬಳಸತೊಡಗಿದೆ. ಮಾತೃಕೆಯನ್ನು ಆದೇಶಿಸಿದಾಗ ಸೊನ್ನೆ ಮಾತೃಕೆ ಕೊಡುವ ಬಹುಪದೋಕ್ತಿಗಳಲ್ಲಿ ಅತ್ಯಂತ ಕಡಿಮೆ ಘಾತದ್ದು, ಮೊದಲ ಸಹಗುಣಕ 1 ಆಗಿರುವುದು, ಕನಿಷ್ಠ ಬಹುಪದೋಕ್ತಿ. ಕೇಲಿ–ಹ್ಯಾಮಿಲ್ಟನ್ ಪ್ರಮೇಯದ ಪ್ರಕಾರ ಅದು ಲಾಕ್ಷಣಿಕ ಬಹುಪದೋಕ್ತಿಯನ್ನು ಭಾಗಿಸುತ್ತದೆ. ಜೊತೆಗೆ ಪ್ರತಿಯೊಂದು ಐಗನ್ ಮೌಲ್ಯವೂ ಅದರ ಮೂಲವಾಗಿರಲೇಬೇಕು. ಆದ್ದರಿಂದ ನಮ್ಮ ಎರಡು ಮಾತೃಕೆಗಳಿಗೂ ಸಾಧ್ಯತೆಗಳು ಎರಡೇ: ಒಂದೋ (x − 2)(x − 5), ಇಲ್ಲವೇ (x − 2)²(x − 5). ಅದು ಬೇರೆ ಬೇರೆ ರೇಖೀಯ ಅಪವರ್ತನಗಳ ಗುಣಲಬ್ಧವಾಗಿದ್ದರೆ, ಯಾವುದೂ ಎರಡು ಸಲ ಬರದಿದ್ದರೆ, ಕರ್ಣೀಕರಣ ಸಾಧ್ಯ, ಇಲ್ಲದಿದ್ದರೆ ಅಸಾಧ್ಯ. ಲಾಕ್ಷಣಿಕ ಬಹುಪದೋಕ್ತಿಯ ವಿಷಯದಲ್ಲಿ ಈ ಮಾತಿನ ಅರ್ಧ ಮಾತ್ರ ನಿಜ: ಅದರ ಮೂಲಗಳೆಲ್ಲ ಕ್ಷೇತ್ರದೊಳಗಿದ್ದು ಬೇರೆ ಬೇರೆಯಾಗಿದ್ದರೆ ಕರ್ಣೀಕರಣ ಖಚಿತ, ಆದರೆ ಮೂಲ ಮರುಕಳಿಸಿದ ಕೂಡಲೇ ಅದು ಮೌನವಾಗುತ್ತದೆ. ಮೂಲ ಮರುಕಳಿಸಿದೆ, ಆದ್ದರಿಂದ ಕರ್ಣೀಕರಣ ಇಲ್ಲ ಎಂದು ಬರೆಯುವವರು ಪ್ರತಿ ವರ್ಷ ಇರುತ್ತಾರೆ. ಏಕಮಾನ ಮಾತೃಕೆಯನ್ನು ತೋರಿಸಿದರೆ ನಕ್ಕು ಒಪ್ಪಿಕೊಳ್ಳುತ್ತಾರೆ, ಮುಂದಿನ ಪರೀಕ್ಷೆಯಲ್ಲಿ ಮತ್ತೆ ಅದನ್ನೇ ಬರೆಯುತ್ತಾರೆ.

ಪರೀಕ್ಷೆ ಎಂದರೆ ಒಂದೇ ಗುಣಾಕಾರ. ಮೊದಲು A:

```
(A-2I)(A-5I) =

 1   1   0     -2   1   0     0  0  0
 2   2   0  ×   2  -1   0  =  0  0  0
-1  -1   0     -1  -1  -3     0  0  0
```

ಸೊನ್ನೆ ಬಂತು. A ಯ ಕನಿಷ್ಠ ಬಹುಪದೋಕ್ತಿ (x − 2)(x − 5), ಕರ್ಣೀಕರಣ ಸಾಧ್ಯ. ಇನ್ನು B:

```
(B-2I)(B-5I) =

 1   1   0     -2   1   0      0  0  0
 2   2   0  ×   2  -1   0  =   0  0  0
 1  -1   0      1  -1  -3     -4  2  0
```

ಕೊನೆಯ ಸಾಲಿನಲ್ಲಿ −4 ಮತ್ತು 2 ಉಳಿದವು. ಎಡಗಡೆಯಿಂದ ಮತ್ತೊಮ್ಮೆ B − 2I ನಿಂದ ಗುಣಿಸಿದರೆ, ಅದರ ಮೂರನೆಯ ಕಂಬಸಾಲು ಪೂರ್ತಿ ಸೊನ್ನೆಯಾಗಿರುವುದರಿಂದ ಆ ಉಳಿಕೆಯೂ ಅಳಿಸಿಹೋಗುತ್ತದೆ. ಹಾಗಾಗಿ B ಯ ಕನಿಷ್ಠ ಬಹುಪದೋಕ್ತಿ (x − 2)²(x − 5), ಕರ್ಣೀಕರಣ ಅಸಾಧ್ಯ.

ಗುಣಲಬ್ಧ ಸೊನ್ನೆಯಾದರೆ ಸಾಕಷ್ಟು ಐಗನ್ ಸದಿಶಗಳು ಸಿಗುತ್ತವೆ ಎನ್ನುವುದಕ್ಕೆ ಕಾರಣವೇನು? ಇದನ್ನು ಪ್ರಮೇಯವೆಂದು ಬಾಯಿಪಾಠ ಮಾಡಿಸುವ ಬದಲು ನಾನು (x − 2) − (x − 5) = 3 ಎಂಬ ಒಂದು ಸಾಲಿನಿಂದ ಆರಂಭಿಸುತ್ತೇನೆ. x ಇರುವಲ್ಲಿ A ಯನ್ನು ಇಟ್ಟರೆ, ಯಾವುದೇ ಸದಿಶ v ಅನ್ನು ಹೀಗೆ ಎರಡು ತುಂಡಾಗಿ ಬರೆಯಬಹುದು:

```
v = (1/3)(A-2I)v + (1/3)(5I-A)v
```

ಮೊದಲ ತುಂಡಿನ ಮೇಲೆ A − 5I ಪ್ರಯೋಗಿಸಿದರೆ ಸೊನ್ನೆ, ಏಕೆಂದರೆ ಗುಣಲಬ್ಧವೇ ಸೊನ್ನೆ. ಅಂದರೆ ಆ ತುಂಡು, ಅದೇ ಸೊನ್ನೆಯಾಗಿರದಿದ್ದರೆ, 5 ಕ್ಕೆ ಸೇರಿದ ಐಗನ್ ಸದಿಶ. ಅದೇ ರೀತಿ ಎರಡನೆಯದು 2 ಕ್ಕೆ ಸೇರಿದ್ದು. ಪ್ರತಿಯೊಂದು ಸದಿಶವೂ ಐಗನ್ ಸದಿಶಗಳ ಮೊತ್ತವಾಯಿತು ಎಂದರೆ ಐಗನ್ ಸದಿಶಗಳಿಂದಲೇ ಆಧಾರವೊಂದನ್ನು ಕಟ್ಟಬಹುದು ಎಂದರ್ಥ.

ಇದನ್ನು (1, 0, 0) ಎಂಬ ಸದಿಶದ ಮೇಲೆ ಮಾಡಿ ನೋಡಬೇಕು. A ಯಲ್ಲಿ ತುಂಡುಗಳು, 1/3 ಅನ್ನು ಬದಿಗಿಟ್ಟರೆ, (1, 2, −1) ಮತ್ತು (2, −2, 1). ಮೊದಲನೆಯದನ್ನು A ಯಿಂದ ಗುಣಿಸಿದರೆ (5, 10, −5), ಎರಡನೆಯದನ್ನು ಗುಣಿಸಿದರೆ (4, −4, 2); ಸರಿಯಾಗಿ ಐದರಷ್ಟು, ಸರಿಯಾಗಿ ಎರಡರಷ್ಟು. B ಯಲ್ಲಿ ಅದೇ ಕ್ರಮ ಅನುಸರಿಸಿದರೆ ಮೊದಲ ತುಂಡು (1, 2, 1) ಆಗುತ್ತದೆ, B ಅದನ್ನು (5, 10, 1) ಕ್ಕೆ ಒಯ್ಯುತ್ತದೆ. ಮೊದಲ ಎರಡು ಸ್ಥಾನಗಳು ಐದರಷ್ಟಾಗಿವೆ, ಮೂರನೆಯದರಲ್ಲಿ 5 ಬರಬೇಕಾದಲ್ಲಿ 1 ಬಂದಿದೆ. ಕೊರತೆ −4. ಮೇಲಿನ ಗುಣಲಬ್ಧದ ಕೊನೆಯ ಸಾಲಿನ ಮೊದಲ ಅಂಶವೂ ಇದೇ −4.

ಪ್ರಾಮಾಣಿಕವಾಗಿ ಹೇಳುವುದಾದರೆ, ಇಷ್ಟು ಸಣ್ಣ ಮಾತೃಕೆಗೆ A − 2I ಯ ರ್ಯಾಂಕ್ ನೋಡುವುದೂ ಅಷ್ಟೇ ಬೇಗ ಮುಗಿಯುತ್ತದೆ. ಕನಿಷ್ಠ ಬಹುಪದೋಕ್ತಿಯ ನಿಜವಾದ ಉಪಯೋಗ ಮಾತೃಕೆಯೇ ಕೈಯಲ್ಲಿಲ್ಲದ ಲೆಕ್ಕಗಳಲ್ಲಿದೆ. M³ = M ಎಂದಷ್ಟೇ ಕೊಟ್ಟು, ಗಾತ್ರವನ್ನೂ ಹೇಳದೆ, ವಾಸ್ತವ ಸಂಖ್ಯೆಗಳ ಮೇಲೆ ಕರ್ಣೀಕರಣ ಸಾಧ್ಯವೇ ಎಂದು ಕೇಳಿದರೆ ಲಾಕ್ಷಣಿಕ ಬಹುಪದೋಕ್ತಿಯನ್ನು ಬರೆಯಲೂ ಆಗುವುದಿಲ್ಲ. ಆದರೆ ಕನಿಷ್ಠ ಬಹುಪದೋಕ್ತಿ x(x − 1)(x + 1) ಅನ್ನು ಭಾಗಿಸಲೇಬೇಕು, ಅದರಲ್ಲಿ ಯಾವ ಅಪವರ್ತನವೂ ಮರುಕಳಿಸಿಲ್ಲ, ಆದ್ದರಿಂದ ಸಾಧ್ಯ. ಇಲ್ಲಿ ಕ್ಷೇತ್ರ ಯಾವುದೆಂದು ಕೇಳುವುದನ್ನು ಮಾತ್ರ ಮರೆಯಬಾರದು. 0 ಮತ್ತು 1 ಮಾತ್ರ ಇರುವ ಕ್ಷೇತ್ರದಲ್ಲಿ −1 ಮತ್ತು 1 ಒಂದೇ ಆಗಿರುವುದರಿಂದ ಆ ಬಹುಪದೋಕ್ತಿ x(x + 1)² ಆಗಿಬಿಡುತ್ತದೆ; ಅಲ್ಲಿ (1, 1) ಮತ್ತು (0, 1) ಎಂಬ ಅಡ್ಡಸಾಲುಗಳ ಮಾತೃಕೆ M³ = M ಅನ್ನು ಪಾಲಿಸುತ್ತದೆ, ಆದರೂ ಅದನ್ನು ಕರ್ಣೀಕರಿಸಲು ಬರುವುದಿಲ್ಲ.

ಇನ್ನೊಂದು ಅನುಕೂಲವನ್ನು ನಾನು ತಡವಾಗಿ ಕಂಡುಕೊಂಡೆ. ಮಿಶ್ರ ಸಂಖ್ಯೆಗಳ ಮೇಲೆ ಕರ್ಣೀಕರಣ ಸಾಧ್ಯವೇ ಎಂದಷ್ಟೇ ತಿಳಿಯಬೇಕಾದರೆ ಐಗನ್ ಮೌಲ್ಯಗಳನ್ನು ಕಂಡುಹಿಡಿಯುವ ಅಗತ್ಯವೇ ಇಲ್ಲ. ಲಾಕ್ಷಣಿಕ ಬಹುಪದೋಕ್ತಿ p ಮತ್ತು ಅದರ ನಿಷ್ಪನ್ನ p′ ಇವುಗಳ ಮಹತ್ತಮ ಸಾಮಾನ್ಯ ಅಪವರ್ತನವನ್ನು ತೆಗೆದು, ಅದರಿಂದ p ಯನ್ನು ಭಾಗಿಸಿದರೆ, ಪ್ರತಿ ಮೂಲವೂ ಒಂದೊಂದೇ ಸಲ ಬರುವ ಬಹುಪದೋಕ್ತಿ ಉಳಿಯುತ್ತದೆ. ಅದರಲ್ಲಿ ಮಾತೃಕೆಯನ್ನು ಆದೇಶಿಸಿ ಸೊನ್ನೆ ಬಂದರೆ ಸಾಧ್ಯ, ಬರದಿದ್ದರೆ ಅಸಾಧ್ಯ. ನಮ್ಮಲ್ಲಿ p = x³ − 9x² + 24x − 20, p′ = 3(x − 2)(x − 4); ಸಾಮಾನ್ಯ ಅಪವರ್ತನ x − 2, ಭಾಗಲಬ್ಧ x² − 7x + 10. ಆದ್ದರಿಂದ A² − 7A + 10I ಲೆಕ್ಕ ಹಾಕಿದರೆ ಮುಗಿಯಿತು. ನಾಲ್ಕನೆಯ ಅಥವಾ ಐದನೆಯ ಘಾತದಲ್ಲಿ ಮೂಲಗಳು ಕರಣಿಗಳಾಗಿ ಕಾಡುವಾಗ ಈ ದಾರಿ ಬಹಳ ಶ್ರಮ ಉಳಿಸುತ್ತದೆ.

ಆದರೆ ಇದೆಲ್ಲ ಪೂರ್ಣಾಂಕ ಅಥವಾ ಭಿನ್ನರಾಶಿಗಳಲ್ಲಿ ನಿಖರವಾಗಿ ಲೆಕ್ಕ ಹಾಕುವಾಗ ಮಾತ್ರ. ಬಿಟ್ಟುಹೋದ ಚಿಹ್ನೆಯ ಜಾಗದಲ್ಲಿ ಈಗ ನಾನು c ಎಂಬ ಅಕ್ಷರವನ್ನೇ ಇಟ್ಟು ಪ್ರಶ್ನೆ ಕೊಡುತ್ತೇನೆ. ಆಗ ಗುಣಲಬ್ಧದ ಮೇಲಿನ ಎರಡು ಸಾಲುಗಳು ಸೊನ್ನೆಯಾಗಿಯೇ ಉಳಿದು, ಕೊನೆಯ ಸಾಲು (−2(c + 1), c + 1, 0) ಎಂದು ಬರುತ್ತದೆ. c = −1 ಆದಾಗ ಮಾತ್ರ ಕರ್ಣೀಕರಣ ಸಾಧ್ಯ, ಬೇರೆ ಯಾವ ಬೆಲೆಗೂ ಇಲ್ಲ. c ಯ ಬೆಲೆ −1 ಕ್ಕಿಂತ 10⁻¹² ರಷ್ಟು ಮಾತ್ರ ಹೆಚ್ಚಾಗಿದ್ದರೂ ಗಣಿತದ ಉತ್ತರ “ಅಸಾಧ್ಯ” ಎಂದೇ. ಅಷ್ಟು ಸಣ್ಣ ಅಂಶವು ಮಾತೃಕೆಯದ್ದೋ, ದಶಮಾಂಶಗಳನ್ನು ಕತ್ತರಿಸಿ ಲೆಕ್ಕ ಹಾಕುವ ಯಂತ್ರದ್ದೋ ಎಂದು ಬೇರ್ಪಡಿಸಲು ಆಗುವುದಿಲ್ಲ. ಅಳತೆ ಮಾಡಿ ಪಡೆದ ಅಂಕಿಗಳ ಮಾತೃಕೆಯನ್ನು ತಂದು ಇದನ್ನು ಕರ್ಣೀಕರಿಸಬಹುದೇ ಎಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳಿದಾಗ, ಮೊದಲು ಆ ಅಂಕಿಗಳು ಎಷ್ಟು ದಶಮಾಂಶ ಸ್ಥಾನಗಳವರೆಗೆ ನಂಬಲರ್ಹ ಎಂದು ನಾನು ವಿಚಾರಿಸುವುದು ಇದೇ ಕಾರಣಕ್ಕೆ.